ಒಂದೇ ಟೈಮ್‌ಲೈನ್‌ನಲ್ಲಿ 24, 25, 30, 60: ಜರ್ಕ್ ಮತ್ತು ವೇಗದ ತಪ್ಪು ಪತ್ತೆ ಮಾಡುವ ಕೈಪಿಡಿ

ಒಂದು ಸಂದರ್ಶನದ ವಿಡಿಯೋ ಇದೆ ಅಂದುಕೊಳ್ಳಿ. ಮುಖ್ಯ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಚಿತ್ರೀಕರಿಸಿದೆ. ಪಕ್ಕದ ಕೋನಕ್ಕೆ ಮೊಬೈಲ್ ಇಟ್ಟಿದ್ದರು, ಅದು 30. ಡ್ರೋನ್ ಶಾಟ್‌ಗಳು 59.94. ಎಲ್ಲಿಂದಲೋ ತಂದ ಹಳೆಯ ತುಣುಕೊಂದು 23.976. ಎಲ್ಲವನ್ನೂ 25ರ ಟೈಮ್‌ಲೈನ್‌ಗೆ ಎಳೆದು ಹಾಕಿದರೆ ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ. ಆದರೆ ನೋಡುವಾಗ ಒಂದು ಶಾಟ್ ಜರ್ಕ್ ಹೊಡೆಯುತ್ತದೆ, ಇನ್ನೊಂದು ನಿಧಾನ ಅನ್ನಿಸುತ್ತದೆ, ಮತ್ತೊಂದರಲ್ಲಿ ತುಟಿಗೂ ಮಾತಿಗೂ ಹೊಂದುವುದಿಲ್ಲ. ಈ ಕೈಪಿಡಿಯುದ್ದಕ್ಕೂ ಇದೇ ಸಂದರ್ಶನವನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಲಕ್ಷಣಗಳಿಗೆ ಹೋಗುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. 30 ಫ್ರೇಮ್‌ನ ಕ್ಲಿಪ್ 25ರ ಟೈಮ್‌ಲೈನ್‌ಗೆ ಬಂದಾಗ ಸಾಫ್ಟ್‌ವೇರ್ ಮುಂದೆ ಎರಡು ದಾರಿ ಇರುತ್ತವೆ. ಒಂದು, ಸಮಯ ಉಳಿಸಿಕೊಳ್ಳುವುದು: ಒಂದು ಸೆಕೆಂಡಿನ ಘಟನೆ ಒಂದು ಸೆಕೆಂಡೇ ಇರಬೇಕು, ಹಾಗಾಗಿ 5 ಫ್ರೇಮ್ ಬಿಸಾಕಬೇಕು. ಎರಡು, ಫ್ರೇಮ್ ಉಳಿಸಿಕೊಳ್ಳುವುದು: 30 ಫ್ರೇಮ್‌ಗಳೂ ಒಂದರ ಹಿಂದೆ ಒಂದು ಬರಬೇಕು, ಹಾಗಾಗಿ ಒಂದು ಸೆಕೆಂಡಿನ ಘಟನೆ 1.2 ಸೆಕೆಂಡ್ ಆಗಬೇಕು. ಮೊದಲ ದಾರಿಯಲ್ಲಿ ಜರ್ಕ್ ಬರುತ್ತದೆ. ಎರಡನೆಯದರಲ್ಲಿ ವೇಗ ಬದಲಾಗುತ್ತದೆ. ಇಲ್ಲದ ಫ್ರೇಮ್‌ಗಳನ್ನು ಲೆಕ್ಕ ಹಾಕಿ ಹುಟ್ಟಿಸುವ ಮೂರನೇ ದಾರಿಯೂ ಇದೆ, ಅದರ ತೊಂದರೆಗಳೇ ಬೇರೆ. ನಿಮ್ಮ ಮುಂದಿರುವ ದೋಷ ಇವುಗಳಲ್ಲಿ ಯಾವುದರಿಂದ ಬಂತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

## ಕೈ ಹಾಕುವ ಮುನ್ನ

ಪ್ರಾಜೆಕ್ಟ್ ಫೈಲಿನ ಒಂದು ಪ್ರತಿ ಮಾಡಿ, ಅದರ ಮೇಲೆ ಪ್ರಯೋಗ ಮಾಡಿ. ಮೂಲ ಕ್ಲಿಪ್‌ಗಳನ್ನು ಮುಟ್ಟಬೇಡಿ. ಪರಿವರ್ತಿಸಿದ ಫೈಲಿಗೆ ಯಾವಾಗಲೂ ಹೊಸ ಹೆಸರು ಕೊಡಿ.

ಆಮೇಲೆ ಕ್ಲಿಪ್‌ಗಳ ಪಟ್ಟಿಯಲ್ಲಿ `Frame Rate` ಅಥವಾ `FPS` ಕಾಲಂ ತೆರೆದು, ಅದರ ಪ್ರಕಾರ ಜೋಡಿಸಿ ನೋಡಿ. ಇದಕ್ಕೆ ಅರ್ಧ ನಿಮಿಷ ಸಾಕು. 23.976 ಮತ್ತು 24 ಎರಡನ್ನೂ ಒಂದೇ ಅಂದುಕೊಳ್ಳಬೇಡಿ. 29.97 ಮತ್ತು 30 ಕೂಡ ಹಾಗೆಯೇ. ಸಣ್ಣ ಶಾಟ್‌ನಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ, ಉದ್ದದ ರೆಕಾರ್ಡಿಂಗ್‌ನಲ್ಲಿ ಕಾಡುತ್ತದೆ.

## ಲಕ್ಷಣ: ಎಲ್ಲ ಕ್ಲಿಪ್‌ಗಳೂ ಜರ್ಕ್ ಹೊಡೆಯುತ್ತಿವೆ, 25ರದ್ದೂ ಸೇರಿ

ಟೈಮ್‌ಲೈನ್‌ಗೆ ಸರಿಹೊಂದುವ ಕ್ಲಿಪ್ ಕೂಡ ಜರ್ಕ್ ಹೊಡೆಯುತ್ತಿದ್ದರೆ, ಮೊದಲ ಅನುಮಾನ ಕಂಪ್ಯೂಟರ್ ಮೇಲೆ. ಪ್ರಿವ್ಯೂ ತಡವರಿಸುತ್ತಿರಬಹುದು, ಫೈಲ್ ಚೆನ್ನಾಗಿಯೇ ಇರಬಹುದು. ಪ್ಲೇಬ್ಯಾಕ್ ರೆಸಲ್ಯೂಶನ್ ಅರ್ಧಕ್ಕೆ ಇಳಿಸಿ ನೋಡಿ. ಬಿಟ್ಟುಹೋದ ಫ್ರೇಮ್‌ಗಳನ್ನು ಎಣಿಸುವ ಸೂಚಕ ಇದ್ದರೆ ಅದನ್ನು ಆನ್ ಮಾಡಿ. ಇದಕ್ಕಿಂತ ಖಚಿತ ಪರೀಕ್ಷೆ ಅಂದರೆ ಹತ್ತು ಸೆಕೆಂಡ್ ಎಕ್ಸ್‌ಪೋರ್ಟ್ ಮಾಡಿ ಬೇರೆ ಪ್ಲೇಯರ್‌ನಲ್ಲಿ ನೋಡುವುದು. ಅಲ್ಲಿ ನಯವಾಗಿದ್ದರೆ ಫ್ರೇಮ್ ರೇಟ್ ಸಹವಾಸಕ್ಕೇ ಹೋಗಬೇಡಿ, ಪ್ರಾಕ್ಸಿ, ಅಂದರೆ ಎಡಿಟ್‌ಗಷ್ಟೇ ಬಳಸುವ ಹಗುರ ಪ್ರತಿ, ಮಾಡಿಕೊಂಡು ಕೆಲಸ ಮುಂದುವರಿಸಿ.

ಟೈಮ್‌ಲೈನ್‌ನಲ್ಲಿ ಸರಿ ಇದ್ದು ಎಕ್ಸ್‌ಪೋರ್ಟ್‌ನಲ್ಲಿ ಮಾತ್ರ ಜರ್ಕ್ ಇದ್ದರೆ, ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿರುವ ಫ್ರೇಮ್ ರೇಟ್ ನೋಡಿ. ಸಿದ್ಧ ಪ್ರಿಸೆಟ್ ಆರಿಸಿದಾಗ ಅದು ಸುಮ್ನೆ 30 ಅಥವಾ 29.97 ಹಾಕಿಬಿಟ್ಟಿರಬಹುದು. 25ರ ಟೈಮ್‌ಲೈನ್ ಇಡೀ 30ಕ್ಕೆ ಹೋದರೆ ಪ್ರತಿ ಶಾಟ್‌ಗೂ ಜರ್ಕ್ ಅಂಟುತ್ತದೆ. ಎಕ್ಸ್‌ಪೋರ್ಟ್ ದರ ಟೈಮ್‌ಲೈನ್‌ನ ದರದಷ್ಟೇ ಇರಲಿ.

ಮೂರನೆಯ ಕಾರಣ, ಟೈಮ್‌ಲೈನ್‌ನ ದರವೇ ತಪ್ಪಿರುವುದು. ಖಾಲಿ ಪ್ರಾಜೆಕ್ಟ್‌ಗೋ ಟೈಮ್‌ಲೈನ್‌ಗೋ ಮೊದಲು ತಂದ ಕ್ಲಿಪ್ ಬೇರೆ ದರದ್ದಾದರೆ ಪ್ರೀಮಿಯರ್ ಪ್ರೋ, ಡಾವಿಂಚಿ ರಿಸಾಲ್ವ್ ಎರಡೂ ದರ ಬದಲಿಸಲೇ ಅಂತ ಕೇಳುತ್ತವೆ. ಅವಸರದಲ್ಲಿ ಹೌದು ಅಂದರೆ, ಮೊಬೈಲ್ ಕ್ಲಿಪ್‌ನ 30 ಇಡೀ ಸಂದರ್ಶನದ ದರವಾಗುತ್ತದೆ. ಹೀಗಾಗಿದ್ದರೆ 25ರ ಹೊಸ ಟೈಮ್‌ಲೈನ್ ಮಾಡಿ, ಕ್ಲಿಪ್‌ಗಳನ್ನು ಅಲ್ಲಿಗೆ ಕಾಪಿ ಮಾಡಿ. ಕಟ್‌ಗಳು ಒಂದು ಫ್ರೇಮ್ ಆಚೀಚೆ ಸರಿಯಬಹುದು, ನಡುವೆ ಕಪ್ಪು ಫ್ರೇಮ್ ಇಣುಕಬಹುದು. ಅಂಚುಗಳನ್ನು ಒಂದೊಂದಾಗಿ ನೋಡಲೇಬೇಕು. ಬೇಜಾರಿನ ಕೆಲಸ ನಿಜ, ಬೇರೆ ದಾರಿ ಇಲ್ಲ.

ಇಷ್ಟೆಲ್ಲ ಸರಿಯಿದ್ದೂ ನಿಧಾನವಾದ ಪ್ಯಾನ್ ಸ್ವಲ್ಪ ಕಂಪಿಸಿದಂತೆ ಕಂಡರೆ, ಅದು ಪರದೆಯ ಕಾರಣಕ್ಕೂ ಇರಬಹುದು. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಯಲ್ಲಿ 25 ಫ್ರೇಮ್ ಸಮವಾಗಿ ಕೂರುವುದಿಲ್ಲ. ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ ಕಾಣುತ್ತದೆ. ಇದನ್ನು ಟೈಮ್‌ಲೈನ್‌ನಲ್ಲಿ ರಿಪೇರಿ ಮಾಡಲು ಹೋಗಬೇಡಿ. ಮಾನಿಟರ್ ಅನ್ನು 50 ಹರ್ಟ್ಸ್‌ಗೆ ಇಡಲು ಬಂದರೆ ಇಟ್ಟು ನೋಡಿ. ಜರ್ಕ್ ಮಾಯವಾದರೆ ಫೈಲ್‌ನಲ್ಲಿ ತಪ್ಪಿಲ್ಲ.

## ಲಕ್ಷಣ: ಕೆಲವು ಕ್ಲಿಪ್‌ಗಳು ಮಾತ್ರ, ಅದೂ ಪ್ಯಾನ್ ಮಾಡುವಾಗ, ತಾಳ ಹಾಕಿದಂತೆ ಜರ್ಕ್

ಇದು ಅಸಲಿ ಫ್ರೇಮ್ ರೇಟ್ ಜಗಳ. ವೇಗ ಸರಿ ಇದೆ, ಧ್ವನಿ ಸರಿ ಇದೆ, ಚಲನೆ ಮಾತ್ರ ಕುಂಟುತ್ತದೆ. ಅಂದರೆ ಸಾಫ್ಟ್‌ವೇರ್ ಸಮಯ ಉಳಿಸಿಕೊಂಡು ಫ್ರೇಮ್‌ಗಳಲ್ಲಿ ರಾಜಿ ಮಾಡಿಕೊಂಡಿದೆ.

ಪರೀಕ್ಷೆ ಕಣ್ಣಳತೆಯದ್ದಲ್ಲ, ಎಣಿಕೆಯದ್ದು. ಒಂದೇ ವೇಗದಲ್ಲಿ ಚಲಿಸುವ ಜಾಗ ಹುಡುಕಿ. ಪ್ಯಾನ್ ಶಾಟ್, ರಸ್ತೆ ದಾಟುವ ವಾಹನ, ಯಾವುದಾದರೂ ಸರಿ. ಅದರಲ್ಲಿ ಕಂಬ ಅಥವಾ ಬಾಗಿಲಿನ ಅಂಚಿನಂಥ ನೆಟ್ಟನೆಯ ಗೆರೆಯೊಂದನ್ನು ಗುರುತಿಟ್ಟುಕೊಳ್ಳಿ. ಈಗ ಕೀಬೋರ್ಡ್‌ನ ಬಲಬಾಣ ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಗೆರೆ ಕದಲದೆ ನಿಂತರೆ ಅಲ್ಲಿ ಫ್ರೇಮ್ ಎರಡು ಸಲ ಬಂದಿದೆ. ಒಮ್ಮೆಲೇ ದುಪ್ಪಟ್ಟು ಜಿಗಿದರೆ ಒಂದು ಫ್ರೇಮ್ ಬಿಟ್ಟುಹೋಗಿದೆ. ಒಂದು ಎಡವಟ್ಟಿನಿಂದ ಇನ್ನೊಂದಕ್ಕೆ ಎಷ್ಟು ಫ್ರೇಮ್ ಅಂತ ಎಣಿಸಿ, ಕೆಳಗಿನ ಪಟ್ಟಿಗೆ ಹೋಲಿಸಿ.

| ಕ್ಲಿಪ್ | ಟೈಮ್‌ಲೈನ್ | ಪ್ರತಿ ಸೆಕೆಂಡಿಗೆ ಕಾಣುವುದು |
|---|---|---|
| 30 | 25 | 5 ಜಿಗಿತ |
| 24 | 25 | 1 ಪುನರಾವರ್ತನೆ |
| 25 | 30 | 5 ಪುನರಾವರ್ತನೆ |
| 24 | 30 | 6 ಪುನರಾವರ್ತನೆ |
| 60 | 25 | ಪ್ರತಿ ಹೆಜ್ಜೆಯೂ ಸ್ವಲ್ಪ ಅಸಮ |
| 50 | 25 | ಏನೂ ಇಲ್ಲ, ಸಮ |

23.976, 29.97, 59.94 ಕ್ಲಿಪ್‌ಗಳಿಗೂ ಹತ್ತಿರತ್ತಿರ ಇದೇ ಲೆಕ್ಕ.

ನಮ್ಮ ಮೊಬೈಲ್ ಕ್ಲಿಪ್ ತೆಗೆದುಕೊಳ್ಳಿ. 25ರ ಟೈಮ್‌ಲೈನ್‌ನಲ್ಲಿ ಗೆರೆ ನಾಲ್ಕು ಹೆಜ್ಜೆ ಸಮವಾಗಿ ನಡೆದು, ಐದನೆಯದರಲ್ಲಿ ದುಪ್ಪಟ್ಟು ಜಿಗಿಯುತ್ತದೆ. ಸೆಕೆಂಡಿಗೆ ಐದು ಜಿಗಿತ. ಕುಳಿತು ಮಾತಾಡುವ ವ್ಯಕ್ತಿಯ ಶಾಟ್‌ನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಮೊಬೈಲ್‌ನಲ್ಲಿ ಕೋಣೆಯನ್ನು ತೋರಿಸುವ ಆರು ಸೆಕೆಂಡಿನ ಪ್ಯಾನ್ ಇದ್ದರೆ ಎದ್ದು ಕಾಣುತ್ತದೆ. ಹಾಗಾಗಿ 30ರ ಕ್ಲಿಪ್ ಎಲ್ಲವನ್ನೂ ತಿದ್ದಬೇಕಿಲ್ಲ. ಕಣ್ಣಿಗೆ ಚುಚ್ಚುವ ಶಾಟ್‌ಗಳನ್ನು ಮಾತ್ರ ತಿದ್ದಿ.

ತೀರಾ ಅಗ್ಗದ ಉಪಾಯ ಅಂದರೆ ಆ ಶಾಟ್‌ನಲ್ಲಿ ಕ್ಯಾಮೆರಾ ನಿಂತಿರುವ ಭಾಗವನ್ನಷ್ಟೇ ಬಳಸುವುದು. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ.

ಅದು ಆಗದಿದ್ದರೆ, ಶಾಟ್‌ನಲ್ಲಿ ಮಾತು ಇದೆಯೇ ಅಂತ ಕೇಳಿಕೊಳ್ಳಿ. ಮಾತಿಲ್ಲದ ಶಾಟ್ ಆಗಿದ್ದರೆ ಫ್ರೇಮ್ ಉಳಿಸಿಕೊಳ್ಳುವ ದಾರಿ ಹಿಡಿಯಬಹುದು. ಕ್ಲಿಪ್‌ನ ಒಂದು ಪ್ರತಿಯನ್ನು ಪಟ್ಟಿಯಲ್ಲೇ ಮಾಡಿಕೊಂಡು, ಅದು 25ರದ್ದು ಅಂತ ಸಾಫ್ಟ್‌ವೇರ್‌ಗೆ ಹೇಳಿ. ಪ್ರೀಮಿಯರ್‌ನಲ್ಲಿ ಇದು `Modify > Interpret Footage`, ರಿಸಾಲ್ವ್‌ನಲ್ಲಿ `Clip Attributes`. ಈಗ ಪ್ರತಿ ಫ್ರೇಮ್ ಒಂದೇ ಸಲ ಬರುತ್ತದೆ. ವೇಗ ಮೂಲದ ಶೇ. 83.33ಕ್ಕೆ ಇಳಿಯುತ್ತದೆ, ಆರು ಸೆಕೆಂಡಿನ ಪ್ಯಾನ್ 7.2 ಸೆಕೆಂಡ್ ಆಗುತ್ತದೆ. ಕೋಣೆ, ಮರಗಿಡ, ಮೇಜಿನ ಮೇಲಿನ ವಸ್ತುಗಳಿಗೆ ಇದು ಚೆನ್ನಾಗಿಯೇ ಒಪ್ಪುತ್ತದೆ. ನಡೆಯುವ ಮನುಷ್ಯ ಇದ್ದರೆ ಕಾಲೆಳೆದಂತೆ ಕಾಣುತ್ತಾನೆ, ಅಲ್ಲಿ ಬೇಡ. ನನ್ನ ಕೇಳಿದರೆ 30ರಿಂದ 25ಕ್ಕೆ ಬರುವ ಮಾತಿಲ್ಲದ ಶಾಟ್‌ಗಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

24ರ ತುಣುಕಿಗೂ ಇದೇ ತಂತ್ರ ಉಲ್ಟಾ ಕೆಲಸ ಮಾಡುತ್ತದೆ. 25 ಅಂತ ಹೇಳಿದರೆ ಅದು ಶೇ. 4ರಷ್ಟು ಜೋರಾಗಿ ಓಡುತ್ತದೆ, ಸೆಕೆಂಡಿಗೊಂದು ತಡೆ ಮಾಯವಾಗುತ್ತದೆ. 25ರ ಟಿವಿ ಪದ್ಧತಿ ಇರುವ ದೇಶಗಳಲ್ಲಿ ಸಿನಿಮಾಗಳನ್ನು ದಶಕಗಳ ಕಾಲ ಹೀಗೇ ತೋರಿಸಿದ್ದಾರೆ. ಧ್ವನಿ ಇದ್ದರೆ ಸ್ವರ ಸ್ವಲ್ಪ ಏರುತ್ತದೆ, ಅರ್ಧ ಸ್ವರಕ್ಕಿಂತ ತುಸು ಕಡಿಮೆ. ಸ್ವರ ಉಳಿಸಿಕೊಂಡು ವೇಗ ಬದಲಿಸುವ ಆಯ್ಕೆಯನ್ನು ಆಗ ಬಳಸಿ.

ಮಾತು ಇದ್ದೇ ಇದೆ, ಪ್ಯಾನ್ ಕೂಡ ಬೇಕೇ ಬೇಕು ಅಂದಾಗ ಮಾತ್ರ ಆಪ್ಟಿಕಲ್ ಫ್ಲೋ. ಇದು ಎರಡು ಫ್ರೇಮ್‌ಗಳ ನಡುವಿನ ಚಲನೆ ನೋಡಿ ನಡುವಿನ ಚಿತ್ರವನ್ನು ಹುಟ್ಟಿಸುತ್ತದೆ. ಪ್ರೀಮಿಯರ್‌ನಲ್ಲಿ `Time Interpolation`, ರಿಸಾಲ್ವ್‌ನಲ್ಲಿ `Retime Process` ಅಡಿಯಲ್ಲಿ `Optical Flow` ಸಿಗುತ್ತದೆ. ಆ ಒಂದು ಶಾಟ್‌ಗೆ ಮಾತ್ರ ಹಾಕಿ, ರೆಂಡರ್ ಮಾಡಿ, ಮತ್ತೆ ಬಲಬಾಣ ಒತ್ತಿ ಗೆರೆ ನೋಡಿ. ಇಡೀ ಪ್ರಾಜೆಕ್ಟ್‌ಗೆ ಒಂದೇ ಸಲ ಹಾಕಬೇಡಿ. ರೆಂಡರ್ ಸಮಯ ಏರುವುದು ಒಂದು ಕಡೆ, ಎಲ್ಲಿ ಏನು ಕೆಟ್ಟಿತು ಅಂತ ಹುಡುಕುವುದು ಇನ್ನೂ ಕಷ್ಟ.

ಇನ್ನೊಂದು ಮಾತು. ಸಂದರ್ಶನದ ಬಹುಪಾಲು ಮೊಬೈಲ್‌ನದ್ದೇ ಆಗಿ, 25ರದ್ದು ನಾಲ್ಕೈದು ಶಾಟ್ ಮಾತ್ರ ಆಗಿದ್ದರೆ, 25ಕ್ಕೆ ಅಂಟಿಕೊಳ್ಳುವುದರಲ್ಲಿ ಅರ್ಥವಿಲ್ಲ. ಹೆಚ್ಚು ಚಲನೆ ಇರುವ ಕ್ಲಿಪ್‌ಗಳ ದರವೇ ಟೈಮ್‌ಲೈನ್‌ನ ದರವಾಗಲಿ. ಈ ತೀರ್ಮಾನ ಎಡಿಟ್ ಶುರುವಾಗುವ ಮೊದಲು ಆಗಬೇಕು. ಕಟ್ ಎಲ್ಲ ಮುಗಿದ ಮೇಲೆ ದರ ಬದಲಿಸಹೊರಟರೆ ಮೇಲೆ ಹೇಳಿದ ಅಂಚು ನೋಡುವ ಕೆಲಸ ನೂರಾರು ಕಟ್‌ಗೆ ಮಾಡಬೇಕಾಗುತ್ತದೆ.

## ಲಕ್ಷಣ: ಎಣಿಸಿದರೆ ಎಲ್ಲ ಸಮ, ಆದರೂ ಚಲನೆ ಕತ್ತರಿಸಿದಂತಿದೆ

60ರ ಕ್ಲಿಪ್ 30ರ ಟೈಮ್‌ಲೈನ್‌ನಲ್ಲಿ, ಅಥವಾ 50ರದ್ದು 25ರಲ್ಲಿ ಇದ್ದಾಗ ಹೀಗೆ ಕಾಣಬಹುದು. ಒಂದು ಬಿಟ್ಟು ಒಂದು ಫ್ರೇಮ್ ಹೋಗಿದೆ, ಹೆಜ್ಜೆ ಸಮವಾಗಿದೆ. ತೊಂದರೆ ಶಟರ್‌ನದ್ದು. 60ರಲ್ಲಿ ತೆಗೆಯುವಾಗ ಶಟರ್ ಸಾಮಾನ್ಯವಾಗಿ 1/120 ಸೆಕೆಂಡ್ ಅಥವಾ ಇನ್ನೂ ಚುರುಕಾಗಿರುತ್ತದೆ. ಹಾಗಾಗಿ ಪ್ರತಿ ಫ್ರೇಮ್‌ನಲ್ಲಿ ಚಲನೆಯ ಮಸುಕು ಕಡಿಮೆ. ಅರ್ಧ ಫ್ರೇಮ್ ತೆಗೆದುಬಿಟ್ಟ ಮೇಲೆ ಆ ಚೂಪು ಚಿತ್ರಗಳು ಒಂದೊಂದಾಗಿ ಕುಪ್ಪಳಿಸುತ್ತವೆ.

ಖಚಿತಪಡಿಸಿಕೊಳ್ಳಲು ವೇಗದ ಚಲನೆ ಇರುವ ಫ್ರೇಮ್‌ನಲ್ಲಿ ನಿಲ್ಲಿಸಿ. ಬೀಸುವ ಕೈಯ ಬೆರಳುಗಳು ಫೋಟೋದಂತೆ ಚೂಪಾಗಿದ್ದರೆ ಕಾರಣ ಇದೇ. ಮೋಷನ್ ಬ್ಲರ್ ಎಫೆಕ್ಟ್ ಸ್ವಲ್ಪ ಮಟ್ಟಿಗೆ ಸಹಾಯ ಮಾಡುತ್ತದೆ. ಫ್ರೇಮ್ ರೇಟ್ ಸೆಟ್ಟಿಂಗ್‌ಗಳಲ್ಲಿ ಇದಕ್ಕೆ ಉತ್ತರ ಇಲ್ಲ, ಅಲ್ಲಿ ಹುಡುಕಬೇಡಿ.

## ಲಕ್ಷಣ: ಕ್ಲಿಪ್ ನಿಧಾನ ಅಥವಾ ಜೋರು, ದನಿ ದಪ್ಪ ಅಥವಾ ಕೀರಲು

ಇಲ್ಲಿ ಸಾಫ್ಟ್‌ವೇರ್ ಫ್ರೇಮ್ ಉಳಿಸಿಕೊಂಡು ಸಮಯ ಬಿಟ್ಟಿದೆ. ಯಾರೋ ಕ್ಲಿಪ್‌ಗೆ ಬೇರೆ ದರ ಹೇಳಿದ್ದಾರೆ, ಅಥವಾ ಬೇರೊಬ್ಬರ ಪ್ರಾಜೆಕ್ಟ್‌ನಿಂದ ಆ ಸೆಟ್ಟಿಂಗ್ ಜೊತೆಗೇ ಬಂದಿದೆ.

ಪರೀಕ್ಷೆ ಸುಲಭ. ಫೈಲನ್ನು ಸಾಮಾನ್ಯ ಪ್ಲೇಯರ್‌ನಲ್ಲಿ ತೆರೆದು ಒಟ್ಟು ಅವಧಿ ಬರೆದುಕೊಳ್ಳಿ. ಎಡಿಟಿಂಗ್ ಸಾಫ್ಟ್‌ವೇರ್‌ನ ಪಟ್ಟಿಯಲ್ಲಿ ಅದೇ ಕ್ಲಿಪ್‌ನ ಅವಧಿ ನೋಡಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಉತ್ತರ 1 ಬಂದರೆ ಕ್ಲಿಪ್‌ನ ದರ ಸರಿ ಇದೆ, ಟೈಮ್‌ಲೈನ್‌ನಲ್ಲಿ ಯಾರೋ ಸ್ಪೀಡ್ ಬದಲಿಸಿರಬೇಕು. 1.2 ಬಂದರೆ 30ರದ್ದನ್ನು 25 ಅಂತ ಓದಿದೆ. 2.4 ಬಂದರೆ 60ರದ್ದನ್ನು 25 ಅಂತ ಓದಿದೆ. 0.96 ಬಂದರೆ 24ರದ್ದನ್ನು 25 ಅಂತ. ಆ ಸಂಖ್ಯೆಯೇ ಕಾರಣ ಹೇಳಿಬಿಡುತ್ತದೆ.

ಸರಿಪಡಿಸಲು ಅದೇ ಸೆಟ್ಟಿಂಗ್ ತೆರೆದು ಫೈಲಿನ ಮೂಲ ದರಕ್ಕೆ ಮರಳಿಸಿ. ಪ್ರೀಮಿಯರ್‌ನಲ್ಲಿ `Use Frame Rate from File`. ಆದರೆ ಎಚ್ಚರ: ಈ ಬದಲಾವಣೆ ಕ್ಲಿಪ್ ಬಳಸಿದ ಪ್ರತಿ ಜಾಗಕ್ಕೂ ತಗಲುತ್ತದೆ. ಈಗಾಗಲೇ ಕಟ್ ಮಾಡಿ ಕೂರಿಸಿದ ಶಾಟ್‌ನ ಆರಂಭ, ಅಂತ್ಯ ಸರಿದು ಬೇರೆಯದೇ ಭಾಗ ಕಾಣಿಸಬಹುದು. ಅದಕ್ಕೇ ಹಿಂದಿನ ಭಾಗದಲ್ಲಿ ಪ್ರತಿ ಮಾಡಿಕೊಂಡು ಬದಲಿಸಿ ಅಂದದ್ದು. ಮಾತಿನ ಭಾಗಕ್ಕೆ ಮೂಲ ದರದ ಪ್ರತಿ, ಪ್ಯಾನ್‌ಗೆ 25ರ ಪ್ರತಿ, ಎರಡೂ ಬೇರೆ ಬೇರೆ ಹೆಸರಲ್ಲಿ ಇರಲಿ.

ಒಂದು ವಿಶೇಷ ಪ್ರಕರಣ ಇದೆ. ಕೆಲವು ಕ್ಯಾಮೆರಾಗಳ ಸ್ಲೋ ಮೋಷನ್ ಮೋಡ್‌ನಲ್ಲಿ ತೆಗೆದದ್ದು 50 ಅಥವಾ 100 ಫ್ರೇಮ್ ಆಗಿದ್ದರೂ, ಫೈಲ್ ಬರೆಯುವಾಗಲೇ 25 ಅಂತ ಬರೆಯುತ್ತವೆ. ಆಗ ಎರಡೂ ಅವಧಿ ಒಂದೇ ಬರುತ್ತದೆ, ಆದರೂ ಶಾಟ್ ನಿಧಾನ. ಇಂಥ ಫೈಲ್‌ಗಳಲ್ಲಿ ಹೆಚ್ಚಾಗಿ ಧ್ವನಿಯೇ ಇರುವುದಿಲ್ಲ, ಅದೇ ಸುಳಿವು. 50ರಲ್ಲಿ ತೆಗೆದದ್ದಾದರೆ ಸ್ಪೀಡ್ ಶೇ. 200 ಮಾಡಿ, ಸಹಜ ವೇಗ ಬರುತ್ತದೆ.

## ಲಕ್ಷಣ: ಸ್ಲೋ ಮೋಷನ್ ಮಾಡಿದ ಡ್ರೋನ್ ಶಾಟ್ ಜರ್ಕ್ ಹೊಡೆಯುತ್ತಿದೆ

60 ಫ್ರೇಮ್ ಇದೆ, ಅರ್ಧ ವೇಗ ಮಾಡಿದರೆ ನಯವಾಗಿರಬೇಕಲ್ವಾ? 30ರ ಟೈಮ್‌ಲೈನ್ ಆಗಿದ್ದರೆ ಹೌದು. 25ರದ್ದಾದರೆ ಇಲ್ಲ. ಶೇ. 50ಕ್ಕೆ ಇಳಿಸಿದ 60ರ ಕ್ಲಿಪ್ ಸೆಕೆಂಡಿಗೆ 30 ಫ್ರೇಮ್ ಕೊಡುತ್ತದೆ. ಅದನ್ನು 25ರಲ್ಲಿ ಕೂರಿಸಬೇಕಾದರೆ ಮತ್ತೆ ಸೆಕೆಂಡಿಗೆ ಐದು ಜಿಗಿತ. ಹಳೆಯ ಜರ್ಕೇ ನಿಧಾನ ಚಲನೆಯ ವೇಷ ಹಾಕಿ ವಾಪಸ್ ಬಂದಿದೆ.

ಸರಿಯಾದ ವೇಗ ಅಂದರೆ ಟೈಮ್‌ಲೈನ್ ದರವನ್ನು ಕ್ಲಿಪ್ ದರದಿಂದ ಭಾಗಿಸಿದ್ದು. 59.94ರ ಡ್ರೋನ್ ಕ್ಲಿಪ್‌ಗೆ 25 ÷ 59.94, ಅಂದರೆ ಸುಮಾರು ಶೇ. 41.71. ಸ್ಪೀಡ್ ಪೆಟ್ಟಿಗೆಯಲ್ಲಿ ಇಂಥ ಸಂಖ್ಯೆ ಬರೆಯುವುದಕ್ಕಿಂತ, ಕ್ಲಿಪ್‌ನ ದರವನ್ನೇ 25 ಅಂತ ಬದಲಿಸಿ ಸ್ಪೀಡ್ ಶೇ. 100ರಲ್ಲಿ ಬಿಡುವುದು ವಾಸಿ. ದಶಮಾಂಶದ ತಪ್ಪು ಉಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡಬೇಡಿ. ದರ ಬದಲಿಸಿ ಮೇಲಿಂದ ಶೇ. 50 ಹಾಕಿದರೆ ಪ್ರತಿ ಫ್ರೇಮ್ ಎರಡೆರಡು ಸಲ ಬಂದು, ಚಿತ್ರ ತಡೆತಡೆದು ಸಾಗುತ್ತದೆ.

## ಲಕ್ಷಣ: ಶುರುವಿನಲ್ಲಿ ತುಟಿ, ಮಾತು ಸರಿ, ಹೋಗ್ತಾ ಹೋಗ್ತಾ ದೂರವಾಗುತ್ತವೆ

ಮೂರು ಕಡೆ ನೋಡಿ: ಆರಂಭ, ನಡು, ಕೊನೆ. ಶುರುವಿನಿಂದ ಕೊನೆವರೆಗೂ ಅಷ್ಟೇ ಅಂತರ ಇದ್ದರೆ ಅದು ಫ್ರೇಮ್ ರೇಟ್‌ನ ದೋಷವೇ ಅಲ್ಲ. ಧ್ವನಿಯನ್ನು ಅಷ್ಟು ಸರಿಸಿ, ಮುಗಿಯಿತು.

ಅಂತರ ಒಂದೇ ಹದದಲ್ಲಿ ಬೆಳೆಯುತ್ತಾ, ಗಂಟೆಗೆ ಸುಮಾರು 3.6 ಸೆಕೆಂಡ್ ಆಗುತ್ತಿದ್ದರೆ, 23.976 ಮತ್ತು 24, ಅಥವಾ 29.97 ಮತ್ತು 30 ಅದಲುಬದಲಾಗಿವೆ. ಇವುಗಳ ನಡುವಿನ ವ್ಯತ್ಯಾಸ ಸಾವಿರಕ್ಕೆ ಒಂದು. ಗಂಟೆಗೆ 3600 ಸೆಕೆಂಡ್, ಹಾಗಾಗಿ 3.6. ಕ್ಲಿಪ್‌ನ ದರದ ಸೆಟ್ಟಿಂಗ್ ಮೂಲಕ್ಕೆ ಮರಳಿಸಿದರೆ ಸರಿಹೋಗುತ್ತದೆ. ಗಂಟೆಗೆ ಕೆಲವೇ ಫ್ರೇಮ್ ಸರಿಯುತ್ತಿದ್ದರೆ ಅದು ಪ್ರತ್ಯೇಕ ಧ್ವನಿ ರೆಕಾರ್ಡರ್‌ನ ಗಡಿಯಾರದ ವ್ಯತ್ಯಾಸ. ಮಾತಿನ ನಡುವಿನ ಮೌನದಲ್ಲಿ ಕಟ್ ಮಾಡಿ ಸರಿಸಿದರೆ ಸಾಕು.

ಅಂತರ ಹದ ತಪ್ಪಿ ಬೆಳೆದರೆ, ಅಥವಾ ನಡುವೆ ಜಾಸ್ತಿಯಾಗಿ ಕೊನೆಗೆ ಕಡಿಮೆಯಾದರೆ, ಕ್ಲಿಪ್‌ನ ದರ ಸ್ಥಿರವಾಗಿಲ್ಲ. ಮೊಬೈಲ್ ಮತ್ತು ಸ್ಕ್ರೀನ್ ರೆಕಾರ್ಡಿಂಗ್‌ಗಳಲ್ಲಿ ಇದು ಮಾಮೂಲು. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಫ್ರೇಮ್‌ಗಳ ನಡುವಿನ ಸಮಯ ಹಿಗ್ಗುತ್ತದೆ. ನೋಡಲು ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಫ್ಟ್‌ವೇರ್ ಜೊತೆ ಬರುವ ಎಫ್‌ಎಫ್‌ಪ್ರೋಬ್ ಬಳಸಿ, ಟರ್ಮಿನಲ್‌ನಲ್ಲಿ ಹೀಗೆ ಬರೆಯಬೇಕು:

```
ffprobe -v error -select_streams v:0 -show_entries stream=r_frame_rate,avg_frame_rate -of default=nw=1 mobile.mp4
```

ನಮ್ಮ ಸಂದರ್ಶನದ ಇಪ್ಪತ್ತು ನಿಮಿಷದ ಮೊಬೈಲ್ ಕ್ಲಿಪ್‌ಗೆ ಹೀಗೆ ಬಂತು ಅನ್ನೋಣ:

```
r_frame_rate=30/1
avg_frame_rate=2987/100
```

ಮೇಲಿನ ಸಾಲು ಹೇಳುವ ದರ 30. ಕೆಳಗಿನದು ನಿಜವಾದ ಸರಾಸರಿ, 29.87. 1200 ಸೆಕೆಂಡಿಗೆ 35,844 ಫ್ರೇಮ್ ಇವೆ. ಸಾಫ್ಟ್‌ವೇರ್ ಇವನ್ನು 30ರಂತೆ ಒಂದೇ ಸಮನೆ ಓಡಿಸಿದರೆ 1194.8 ಸೆಕೆಂಡಿಗೇ ಚಿತ್ರ ಮುಗಿಯುತ್ತದೆ. ಕೊನೆಯಲ್ಲಿ ಚಿತ್ರ ಮಾತಿಗಿಂತ 5.2 ಸೆಕೆಂಡ್ ಮುಂದೆ. ಇದನ್ನು ಸ್ಪೀಡ್ ಶೇ. 99.57 ಮಾಡಿ ಸರಿಪಡಿಸಲು ಹೋಗಬೇಡಿ. ಕೊನೆ ಹೊಂದುತ್ತದೆ, ನಡು ಕೈಕೊಡುತ್ತದೆ, ಯಾಕೆಂದರೆ ಕೊರತೆ ಎಲ್ಲ ಕಡೆ ಸಮನಾಗಿ ಹಂಚಿಲ್ಲ.

ಎರಡು ಸಾಲುಗಳು ಕೂದಲೆಳೆಯಷ್ಟು ಮಾತ್ರ ಬೇರೆಯಾಗಿದ್ದರೆ ಅದೊಂದನ್ನೇ ಸಾಕ್ಷಿ ಅಂದುಕೊಳ್ಳಬೇಡಿ. ತುಟಿ ನಿಜಕ್ಕೂ ಸರಿಯುತ್ತಿದೆಯೇ ಅಂತ ನೋಡಿಯೇ ಮುಂದುವರಿಯಿರಿ.

ಮದ್ದು, ಕ್ಲಿಪ್ ಅನ್ನು ಸ್ಥಿರ ದರಕ್ಕೆ ಪರಿವರ್ತಿಸುವುದು:

```
ffmpeg -i mobile.mp4 -vf fps=30 -c:v libx264 -crf 14 -c:a pcm_s16le mobile_cfr.mov
```

ಇದು ಪ್ರತಿ ಫ್ರೇಮ್‌ನ ಸಮಯದ ಗುರುತು ನೋಡಿ, ಕೊರತೆ ಇದ್ದ ಕಡೆಯಲ್ಲೇ ಫ್ರೇಮ್ ತುಂಬುತ್ತದೆ. ಹಾಗಾಗಿ ನಡುವೂ ಹೊಂದುತ್ತದೆ. 25ರ ಟೈಮ್‌ಲೈನ್ ಇದ್ದರೂ ಇಲ್ಲಿ 30 ಅಂತಲೇ ಬರೆದಿರುವುದನ್ನು ಗಮನಿಸಿ. ಈಗಲೇ 25 ಮಾಡಿದರೆ ಸೆಕೆಂಡಿಗೆ ಐದು ಫ್ರೇಮ್ ಶಾಶ್ವತವಾಗಿ ಹೋಗುತ್ತವೆ, ಮುಂದೆ ಆಪ್ಟಿಕಲ್ ಫ್ಲೋಗಾಗಲೀ ನಿಧಾನ ಪ್ಯಾನ್‌ಗಾಗಲೀ ಸಾಮಗ್ರಿ ಉಳಿಯುವುದಿಲ್ಲ.

ಮೊದಲು `-i` ಮುಂದಿನ ಫೈಲ್ ಹೆಸರಾದ ಮೇಲೆ `-t 10` ಸೇರಿಸಿ ಹತ್ತು ಸೆಕೆಂಡ್ ಪರೀಕ್ಷಿಸಿ. ಡಿಸ್ಕ್‌ನಲ್ಲಿ ಜಾಗ ಎಷ್ಟು ಬೇಕಾಗುತ್ತದೆ ಅಂತ ಅಂದಾಜು ಸಿಗುತ್ತದೆ, ಹೊಸ ಫೈಲ್ ಮೂಲಕ್ಕಿಂತ ಬಹಳ ದೊಡ್ಡದಾಗಬಹುದು. ಬಣ್ಣವನ್ನೂ ಹೋಲಿಸಿ. ಫೋನ್ ಎಚ್‌ಡಿಆರ್‌ನಲ್ಲಿ ತೆಗೆದಿದ್ದರೆ ಮೇಲಿನ ಸರಳ ಆಜ್ಞೆಯಿಂದ ಬಣ್ಣ ಮಂಕಾಗಬಹುದು. ಹಾಗಾದರೆ ಅಲ್ಲಿಗೇ ನಿಲ್ಲಿಸಿ, ಎಚ್‌ಡಿಆರ್ ಗೊತ್ತಿರುವವರ ಕೈಗೆ ಮೂಲ ಫೈಲ್ ಕೊಡಿ.

## ಲಕ್ಷಣ: ತುಂಬಾ ಹೊತ್ತಿಗೊಮ್ಮೆ ಒಂದೇ ಒಂದು ಎಡವು

ಪ್ಯಾನ್ ನಯವಾಗಿ ಹೋಗುತ್ತಿರುತ್ತದೆ, ಎಲ್ಲೋ ಒಂದು ಕಡೆ ಚಕ್ ಅಂತ ತಡೆದು ಮುಂದೆ ಹೋಗುತ್ತದೆ. 23.976ರ ಕ್ಲಿಪ್ 24ರ ಟೈಮ್‌ಲೈನ್‌ನಲ್ಲಿದ್ದರೆ ಸುಮಾರು 41.7 ಸೆಕೆಂಡಿಗೊಮ್ಮೆ ಒಂದು ಫ್ರೇಮ್ ಎರಡು ಸಲ ಬರುತ್ತದೆ. 29.97 ಮತ್ತು 30ರ ನಡುವೆ ಇದು 33.4 ಸೆಕೆಂಡಿಗೊಮ್ಮೆ. ಸಣ್ಣ ಶಾಟ್‌ಗಳಲ್ಲಿ ಸಿಕ್ಕೇಬೀಳುವುದಿಲ್ಲ. ಉದ್ದದ ಶಾಟ್‌ನಲ್ಲಿ ಸಿಕ್ಕಿದರೆ ಕ್ಲಿಪ್‌ನ ಆರಂಭವನ್ನು ಸ್ವಲ್ಪ ಸರಿಸಿ, ಎಡವು ಸ್ಥಿರ ಚಿತ್ರದ ಮೇಲೆ ಬೀಳುವಂತೆ ಮಾಡಬಹುದು. ಧ್ವನಿಯಿಲ್ಲದ ಶಾಟ್ ಆದರೆ ದರವನ್ನೇ ಟೈಮ್‌ಲೈನ್‌ನದ್ದಕ್ಕೆ ಬದಲಿಸಿ. ಸಾವಿರಕ್ಕೊಂದು ವೇಗ ವ್ಯತ್ಯಾಸ ಯಾರಿಗೂ ಗೊತ್ತಾಗದು.

## ಲಕ್ಷಣ: ಜೋಡಿ ಚಿತ್ರ, ಅಥವಾ ಅಂಚು ಕರಗಿದಂತೆ

ಚಲಿಸುವ ವಸ್ತುವಿನ ಎರಡು ಮಸುಕು ಪ್ರತಿ ಒಂದೇ ಫ್ರೇಮ್‌ನಲ್ಲಿದ್ದರೆ ಅದು ಫ್ರೇಮ್ ಬ್ಲೆಂಡಿಂಗ್. ಆಫ್ ಮಾಡಿ. ಜರ್ಕ್ ಮುಚ್ಚಲು ಬ್ಲೆಂಡಿಂಗ್ ಹಾಕುವುದು ನನಗಂತೂ ಹಿಡಿಸದು, ಜರ್ಕ್ ಬದಲು ಮಸುಕು ಸಿಗುತ್ತದೆ ಅಷ್ಟೆ.

ಬೆರಳು, ಕೂದಲು, ಬೇಲಿ, ಜಾಲರಿಯ ಸುತ್ತ ಚಿತ್ರ ಜೆಲ್ಲಿಯಂತೆ ಅಲುಗಿದರೆ ಅದು ಆಪ್ಟಿಕಲ್ ಫ್ಲೋ ಎಡವಿದ್ದು. ಒಂದರ ಮುಂದೆ ಒಂದು ಹಾದುಹೋಗುವ ವಸ್ತುಗಳು, ನೀರು, ಮಿನುಗುವ ಬೆಳಕು ಅದಕ್ಕೆ ಕಷ್ಟ. ಕೆಟ್ಟ ಭಾಗವನ್ನು ಮಾತ್ರ ಕತ್ತರಿಸಿ, ಆ ತುಂಡಿಗೆ ಮೊದಲಿನ ಸಾಮಾನ್ಯ ವಿಧಾನ ಹಾಕಿ. ಪ್ರೀಮಿಯರ್‌ನಲ್ಲಿ `Frame Sampling`, ರಿಸಾಲ್ವ್‌ನಲ್ಲಿ `Nearest`. ಕೈ ಬೀಸುವ ಅರ್ಧ ಸೆಕೆಂಡ್ ಜರ್ಕ್ ಹೊಡೆದರೂ ಪರವಾಗಿಲ್ಲ, ಬೆರಳು ಕರಗುವುದಕ್ಕಿಂತ ಅದು ಮೇಲು.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಕ್ಲಿಪ್‌ನ ದರ, ಟೈಮ್‌ಲೈನ್‌ನ ದರ ಎರಡೂ 25. ಆದರೂ ಎಣಿಸಿದರೆ ಸೆಕೆಂಡಿಗೊಂದು ಫ್ರೇಮ್ ಪುನರಾವರ್ತನೆ. ಅಂದರೆ ಯಾರೋ 24ರದ್ದನ್ನು 25 ಮಾಡಿ ಕಳಿಸಿದ್ದಾರೆ, ದೋಷ ಫೈಲಿನೊಳಗೇ ಅಚ್ಚಾಗಿದೆ. ನಿಮ್ಮ ಸೆಟ್ಟಿಂಗ್ ಯಾವುದೂ ಇದನ್ನು ತೆಗೆಯದು. ಕಳಿಸಿದವರ ಬಳಿ ಕ್ಯಾಮೆರಾದಿಂದ ಬಂದ ಮೂಲ ಫೈಲ್ ಕೇಳಿ. ಅದು ಇಲ್ಲವೇ ಇಲ್ಲ ಅಂದರೆ, ಎಫ್‌ಎಫ್‌ಎಂಪೆಗ್‌ನ `decimate=cycle=25` ಫಿಲ್ಟರ್ ಪ್ರತಿ 25ರಲ್ಲಿ ಒಂದು ಪುನರಾವರ್ತನೆ ತೆಗೆದು 24ಕ್ಕೆ ಮರಳಿಸಬಲ್ಲದು. ಪುನರಾವರ್ತನೆಯ ಜಾಗದಲ್ಲಿ ಬೆರೆತ ಮಸುಕು ಚಿತ್ರ ಇದ್ದರೆ ಅದೂ ಸರಿಹೋಗದು.

ಚಲಿಸುವ ಅಂಚುಗಳಲ್ಲಿ ಬಾಚಣಿಗೆಯ ಹಲ್ಲಿನಂತೆ ಅಡ್ಡ ಗೆರೆಗಳು ಕಂಡರೆ ಅದು ಇಂಟರ್‌ಲೇಸ್ ತುಣುಕು. ಮೊದಲು ಅದನ್ನು ಡಿಇಂಟರ್‌ಲೇಸ್ ಮಾಡಿ, ಫ್ರೇಮ್ ರೇಟ್ ಲೆಕ್ಕ ಆಮೇಲೆ. ಹಳೆಯ ಟೇಪ್‌ನಿಂದ ಬಂದದ್ದಾಗಿ, ಅದರ ಮೇಲೆ ಈಗಾಗಲೇ ಬೇರೆ ಪರಿವರ್ತನೆಗಳೂ ಆಗಿದ್ದರೆ, ಆ ಕೆಲಸವನ್ನೇ ಮಾಡುವವರಿಗೆ ಕೊಡುವುದು ಒಳಿತು.

ಧ್ವನಿ ಮಿಕ್ಸಿಂಗ್‌ಗೋ ಕಲರ್ ಗ್ರೇಡಿಂಗ್‌ಗೋ ಪ್ರಾಜೆಕ್ಟ್ ಆಗಲೇ ಹೋಗಿದ್ದರೆ ಟೈಮ್‌ಲೈನ್ ದರವನ್ನಾಗಲೀ ಕ್ಲಿಪ್‌ನ ದರವನ್ನಾಗಲೀ ಅವರಿಗೆ ಹೇಳದೆ ಮುಟ್ಟಬೇಡಿ. ಅವರ ಕಡೆ ಪ್ರತಿ ಕಟ್‌ನ ಟೈಮ್‌ಕೋಡ್ ನಿಮ್ಮ ಹಳೆಯ ದರದ ಲೆಕ್ಕದಲ್ಲೇ ಇದೆ. ಟಿವಿಗೋ ಚಿತ್ರಮಂದಿರಕ್ಕೋ ಕೊಡುವ ಕೆಲಸ ಆದರೆ, ಯಾವ ದರದಲ್ಲಿ ಬೇಕು, 24 ಅಂದರೆ 24ನೋ 23.976ನೋ ಅಂತ ಪಡೆಯುವವರಿಂದ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ. ಹತ್ತು ಸೆಕೆಂಡಿನ ಮಾದರಿಯೊಂದನ್ನು ಅವರಿಗೆ ಕಳಿಸಿ ಒಪ್ಪಿಗೆ ಪಡೆದ ಮೇಲೆ ಪೂರ್ತಿ ರೆಂಡರ್‌ಗೆ ಹಾಕಿ.